ಕೊನೆಯ ರೂಮಿಗೆ ನೀರು ತಲುಪಿತೇ? ಪಿಐಸಿವಿ ಹಾಕಿದ ಫ್ಯಾನ್ ಕಾಯಿಲ್ ವ್ಯವಸ್ಥೆಯ ಕಮಿಷನಿಂಗ್

ಪಿಐಸಿವಿ ಎಂದರೆ ಹೊರಗಿನ ಒತ್ತಡ ಏರಿಳಿದರೂ ಹರಿವನ್ನು ಒಂದೇ ಸಮ ಹಿಡಿದಿಡುವ ಕಂಟ್ರೋಲ್ ವಾಲ್ವು. ಅದನ್ನು ಹಾಕಿದ ಮೇಲೆ ಬ್ಯಾಲೆನ್ಸಿಂಗ್, ಅಂದರೆ ಪ್ರತಿ ಯೂನಿಟ್ಟಿಗೆ ಬೇಕಾದಷ್ಟೇ ನೀರು ಹೋಗುವಂತೆ ವಾಲ್ವುಗಳನ್ನು ಹೊಂದಿಸುವ ಕೆಲಸ, ಬೇಡ ಎನ್ನುವ ಮಾತು ನೀರು ತಣ್ಣಗೆ ಮಾಡಿ ಕಳಿಸುವ ಚಿಲ್ಲರ್ ಇರುವ ಯಾವ ಹೊಸ ಕಟ್ಟಡಕ್ಕೆ ಹೋದರೂ ಕಿವಿಗೆ ಬೀಳುತ್ತದೆ. ಅದು ಅರ್ಧ ಸತ್ಯ. ಒಂದು ವಾಲ್ವು ತಿರುಗಿಸಿದರೆ ಇನ್ನೊಂದರ ಹರಿವು ಬದಲಾಗಿ, ಮತ್ತೆ ಮೊದಲಿನದಕ್ಕೆ ಹಿಂತಿರುಗಬೇಕಾದ ಹಳೆಯ ಕಷ್ಟ ಇದರಲ್ಲಿ ಇಲ್ಲ, ನಿಜ. ಆದರೆ ಈ ವಾಲ್ವು ತನ್ನ ಕೆಲಸ ಮಾಡಬೇಕಾದರೆ ಅದರ ಎರಡು ಬದಿಯ ನಡುವೆ ಇಷ್ಟು ಒತ್ತಡದ ವ್ಯತ್ಯಾಸ ಇರಲೇಬೇಕು ಎಂಬ ಷರತ್ತು ಇದೆ. ಆ ಷರತ್ತು ಪಂಪಿನಿಂದ ಅತಿ ದೂರದ ಯೂನಿಟ್ಟಿನಲ್ಲೂ ಪೂರೈಸುತ್ತದೆಯೇ ಎಂದು ಅಳೆದು ನೋಡುವುದು, ಅದಕ್ಕೆ ಬೇಕಾದ ಕನಿಷ್ಠ ಪಂಪ್ ಒತ್ತಡ ಎಷ್ಟು ಎಂದು ಕಂಡುಹಿಡಿಯುವುದು, ಇವೆರಡೇ ಇಂಥ ವ್ಯವಸ್ಥೆಯ ಕಮಿಷನಿಂಗಿನ ತಿರುಳು. ಉಳಿದದ್ದೆಲ್ಲ ಅದಕ್ಕೆ ಮಾಡಿಕೊಳ್ಳುವ ತಯಾರಿ.

ಮೊದಲು ತೊಂದರೆ ಏನೆಂದು ನೋಡೋಣ. ಮನೆಯ ಮೇಲಿನ ಟ್ಯಾಂಕಿನಿಂದ ಬರುವ ಪೈಪಿನಲ್ಲಿ ಅಡುಗೆಮನೆಯ ನಲ್ಲಿ ಪೂರ್ತಿ ತೆರೆದರೆ ಬಚ್ಚಲಿನ ನಲ್ಲಿ ಸೊರಗುತ್ತದೆ. ಅಡುಗೆಮನೆಯದು ಮುಚ್ಚಿದ ಕೂಡಲೇ ಬಚ್ಚಲಿನದು ರಭಸವಾಗುತ್ತದೆ. ತಣ್ಣೀರಿನ ಕಾಯಿಲ್ ಮೇಲೆ ಗಾಳಿ ಊದಿ ರೂಮು ತಂಪು ಮಾಡುವ ಫ್ಯಾನ್ ಕಾಯಿಲ್‌ಗಳ ಜಾಲದಲ್ಲೂ ನಡೆಯುವುದು ಇದೇ. ಯಾವುದೇ ವಾಲ್ವಿನ ಮೂಲಕ ಹಾಯುವ ನೀರು Q = Kv × √ΔP ಎಂಬ ಲೆಕ್ಕಕ್ಕೆ ಒಳಪಟ್ಟದ್ದು. ಇಲ್ಲಿ Q ಗಂಟೆಗೆ ಎಷ್ಟು ಘನ ಮೀಟರ್ ನೀರು ಎಂಬುದು, ΔP ವಾಲ್ವಿನ ಎರಡು ಬದಿಯ ಒತ್ತಡದ ವ್ಯತ್ಯಾಸ ಬಾರ್‌ನಲ್ಲಿ, Kv ಆ ವಾಲ್ವಿನ ದಾರಿ ಎಷ್ಟು ಅಗಲ ಎಂದು ಹೇಳುವ ಸಂಖ್ಯೆ. ಒತ್ತಡದ ವ್ಯತ್ಯಾಸ ನಾಲ್ಕು ಪಟ್ಟಾದರೆ ಹರಿವು ಎರಡು ಪಟ್ಟು. ಸಾಧಾರಣ ಬ್ಯಾಲೆನ್ಸಿಂಗ್ ವಾಲ್ವಿನಲ್ಲಿ Kv ಅನ್ನು ಒಮ್ಮೆ ಗುರುತು ಹಾಕಿ ಬಿಟ್ಟಿರುತ್ತೇವೆ. ಎಲ್ಲ ರೂಮುಗಳೂ ತುಂಬಿದ್ದಾಗ ಲೆಕ್ಕ ಸರಿ. ಅರ್ಧ ರೂಮುಗಳ ವಾಲ್ವು ಮುಚ್ಚಿದಾಗ ಪೈಪಿನಲ್ಲಿ ಕಳೆದುಹೋಗುತ್ತಿದ್ದ ಒತ್ತಡ ಉಳಿದು, ತೆರೆದಿರುವ ರೂಮುಗಳ ಮೇಲೆ ಬೀಳುತ್ತದೆ. ಅವಕ್ಕೆ ಬೇಕಾದ್ದಕ್ಕಿಂತ ಹೆಚ್ಚು ನೀರು ಹೋಗುತ್ತದೆ. ಹೆಚ್ಚು ನೀರು ಹೋದ ಮಾತ್ರಕ್ಕೆ ತಂಪು ಅದೇ ಅಳತೆಯಲ್ಲಿ ಹೆಚ್ಚುವುದಿಲ್ಲ. 7 ಡಿಗ್ರಿಯಲ್ಲಿ ಹೋದ ನೀರು 12ರ ಬದಲು 9ಕ್ಕೇ ವಾಪಸು ಬರುತ್ತದೆ, ಚಿಲ್ಲರ್ ಮತ್ತು ಪಂಪು ಸುಮ್ಮನೆ ನೀರು ತಿರುಗಿಸುತ್ತಿರುತ್ತವೆ.

ಪಿಐಸಿವಿಯ ಒಳಗೆ ಮೂರು ಭಾಗಗಳಿವೆ. ಗರಿಷ್ಠ ಹರಿವನ್ನು ಗುರುತು ಹಾಕುವ ಡಯಲ್ ಒಂದು, ಥರ್ಮೋಸ್ಟಾಟ್ ಹೇಳಿದಂತೆ ತೆರೆದು ಮುಚ್ಚುವ ಕಂಟ್ರೋಲ್ ಭಾಗ ಇನ್ನೊಂದು. ಮೂರನೆಯದು ಸ್ಪ್ರಿಂಗು ಮತ್ತು ರಬ್ಬರ್ ಡಯಾಫ್ರಾಮ್ ಕೂಡಿದ ಒತ್ತಡ ನಿಯಂತ್ರಕ. ಕಂಟ್ರೋಲ್ ಭಾಗದ ಮುಂದಿನ ಮತ್ತು ಹಿಂದಿನ ಒತ್ತಡಗಳು ಒಂದು ಸಣ್ಣ ರಂಧ್ರದ ಮೂಲಕ ಡಯಾಫ್ರಾಮಿನ ಎರಡು ಬದಿಗೂ ತಲುಪುತ್ತವೆ. ಹೊರಗಿನ ಒತ್ತಡ ಹೆಚ್ಚಾದರೆ ಡಯಾಫ್ರಾಮ್ ಸರಿದು ದಾರಿಯನ್ನು ಕಿರಿದು ಮಾಡುತ್ತದೆ, ಕಡಿಮೆಯಾದರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳಿ ದಾರಿ ಅಗಲಿಸುತ್ತದೆ. ಹೀಗಾಗಿ ಕಂಟ್ರೋಲ್ ಭಾಗದ ಅಡ್ಡಲಾಗಿ ಇರುವ ΔP ಯಾವಾಗಲೂ ಹೆಚ್ಚುಕಡಿಮೆ ಒಂದೇ. ΔP ಒಂದೇ ಆಗಿದ್ದರೆ ಹರಿವನ್ನು ತೀರ್ಮಾನಿಸುವುದು ದಾರಿಯ ಅಗಲ ಮಾತ್ರ, ಪಕ್ಕದ ರೂಮಿನವರು ಏನು ಮಾಡಿದರೂ ಇದಕ್ಕೆ ಸಂಬಂಧವಿಲ್ಲ.

ಆದರೆ ಸ್ಪ್ರಿಂಗಿಗೂ ಒಂದು ಮಿತಿ ಇದೆ. ಒಳಬರುವ ಬಾಯಿಯನ್ನು ಪಿ1, ಹೊರಹೋಗುವ ಬಾಯಿಯನ್ನು ಪಿ3 ಎಂದು ಕರೆದರೆ, ಇವೆರಡರ ನಡುವಿನ ವ್ಯತ್ಯಾಸ ಒಂದು ಕನಿಷ್ಠಕ್ಕಿಂತ ಕೆಳಗೆ ಬಿದ್ದಾಗ ಸ್ಪ್ರಿಂಗು ದಾರಿಯನ್ನು ಪೂರ್ತಿ ತೆರೆದು ಸುಮ್ಮನಾಗುತ್ತದೆ. ಆಮೇಲೆ ಅದು ಸಾಧಾರಣ ವಾಲ್ವಿಗಿಂತ ಬೇರೆಯಲ್ಲ. ಸಣ್ಣ ಅಳತೆಯ ವಾಲ್ವುಗಳಲ್ಲಿ ಈ ಕನಿಷ್ಠ ಸಾಮಾನ್ಯವಾಗಿ 15ರಿಂದ 30 ಕಿಲೋಪಾಸ್ಕಲ್ ಆಸುಪಾಸು. ಒಂದೇ ವಾಲ್ವಿನಲ್ಲೂ ಡಯಲ್ಲಿನ ಗುರುತು ಏರಿದಂತೆ ಇದು ಏರಬಹುದು, ಆದ್ದರಿಂದ ತಯಾರಕರ ಕೋಷ್ಟಕದಲ್ಲಿ ನಮ್ಮ ಗುರುತಿಗೆ ಎದುರಾಗಿ ಇರುವ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕು. 20 ಬೇಕಾದ ಕಡೆ 10 ಮಾತ್ರ ಸಿಕ್ಕರೆ ಹರಿವು ಅರ್ಧವಾಗುವುದಿಲ್ಲ, ವರ್ಗಮೂಲದ ಲೆಕ್ಕದಂತೆ ಸುಮಾರು 70 ಪ್ರತಿಶತಕ್ಕೆ ಇಳಿಯುತ್ತದೆ. ಮೇಲ್ಮಿತಿಯೂ ಇದೆ, ಬಹುತೇಕ ವಾಲ್ವುಗಳಲ್ಲಿ 400 ಅಥವಾ 600 ಕಿಲೋಪಾಸ್ಕಲ್. ಸಣ್ಣ ಕಟ್ಟಡಗಳಲ್ಲಿ ಅಲ್ಲಿಗೆ ಮುಟ್ಟುವುದು ಅಪರೂಪ.

ಲೆಕ್ಕಕ್ಕೆ ಒಂದು ಕಟ್ಟಡ

ಕಾರವಾರದಲ್ಲಿ ಸಮುದ್ರದ ಕಡೆ ಮುಖ ಮಾಡಿದ ಮೂರು ಮಹಡಿಯ ಒಂದು ವಸತಿಗೃಹ ಎಂದು ಇಟ್ಟುಕೊಳ್ಳೋಣ. ಮಹಡಿಗೆ ಹತ್ತರಂತೆ 30 ಫ್ಯಾನ್ ಕಾಯಿಲ್, ಪ್ರತಿಯೊಂದೂ ಒಂದೂವರೆ ಟನ್ನಿನದು. ಒಂದು ಟನ್ ಎಂದರೆ 3.517 ಕಿಲೋವ್ಯಾಟ್, ನೀರು 7 ಡಿಗ್ರಿಯಲ್ಲಿ ಹೋಗಿ 12ರಲ್ಲಿ ಮರಳುವಾಗ ಒಂದು ಟನ್ನಿಗೆ ಗಂಟೆಗೆ ಸುಮಾರು 600 ಲೀಟರ್ ಬೇಕು. ಹಾಗಾಗಿ ಯೂನಿಟ್ಟಿಗೆ 900 ಲೀಟರ್, ಮೂವತ್ತಕ್ಕೂ ಸೇರಿ ಗಂಟೆಗೆ 27 ಘನ ಮೀಟರ್. ಎಲ್ಲ ರೂಮೂ ಒಟ್ಟಿಗೆ ಪೂರ್ತಿ ಭಾರದಲ್ಲಿ ಓಡುವುದಿಲ್ಲ ಎಂದು ವಿನ್ಯಾಸದವರು 36 ಟನ್ನಿನ ಚಿಲ್ಲರ್ ಇಟ್ಟಿದ್ದಾರೆ. ಅದರ ಮತ್ತು ಪಂಪಿನ ಹರಿವು 21.6 ಘನ ಮೀಟರ್. ಚಿಲ್ಲರ್ ಮತ್ತು ವಿಎಫ್‌ಡಿ ಇರುವ ಪಂಪು ನೆಲಮಟ್ಟದಲ್ಲಿವೆ; ವಿಎಫ್‌ಡಿ ಎಂದರೆ ಪಂಪಿನ ವೇಗ ಏರಿಸಿ ಇಳಿಸುವ ಸಾಧನ. ಒತ್ತಡ ವ್ಯತ್ಯಾಸದ ಸೆನ್ಸರ್ ಮೂರನೇ ಮಹಡಿಯ ಪೈಪು ಕೆಳಗಿನಿಂದ ಮೇಲೇರುವ ಮುಖ್ಯ ಪೈಪಾದ ರೈಸರ್‌ನಿಂದ ಕವಲೊಡೆಯುವ ಕಡೆ ಇದೆ. ಆ ಮಹಡಿಯ ತುದಿಯ ರೂಮೇ ಇಂಡೆಕ್ಸ್, ಅಂದರೆ ನೀರು ತಲುಪಲು ಅತಿ ಕಷ್ಟದ ಯೂನಿಟ್ಟು.

ಸೆನ್ಸರಿನಿಂದ ಇಂಡೆಕ್ಸ್ ಯೂನಿಟ್ಟಿಗೆ ಹೋಗಿ ಬರುವ ದಾರಿಯಲ್ಲಿ 900 ಲೀಟರ್ ಹರಿಯುವಾಗ ಕಾಯಿಲ್ 28 ಕಿಲೋಪಾಸ್ಕಲ್ ತಿನ್ನುತ್ತದೆ. ಪೈಪು ಮತ್ತು ಬೆಂಡುಗಳು 14, ಸ್ಟ್ರೈನರ್, ಐಸೊಲೇಷನ್ ವಾಲ್ವು ಮತ್ತು ಹರಿವು ಅಳೆಯುವ ಓರಿಫಿಸ್ ಸೇರಿ ಮತ್ತೊಂದು 14. ಪಿಐಸಿವಿಯನ್ನು ಬಿಟ್ಟು ಒಟ್ಟು 56. ಪಿಐಸಿವಿಗೆ ಅದರ ಗುರುತಿನಲ್ಲಿ ಬೇಕಾದ ಕನಿಷ್ಠ 20. ಅಂದರೆ ಸೆನ್ಸರ್ ಕನಿಷ್ಠ 76 ತೋರಿಸಬೇಕು. ಇದು ಕಾಗದದ ಲೆಕ್ಕ. ಕಟ್ಟಡದಲ್ಲಿ ಎಷ್ಟು ಬರುತ್ತದೆ ಎಂದು ನೋಡಲು ಮೊದಲು ನೀರು ಸ್ವಚ್ಛವಾಗಿರಬೇಕು.

ಕೊಳೆ ಮೊದಲು ಹೊರಗೆ

ಪಿಐಸಿವಿಗೆ ಮುಖ್ಯ ಶತ್ರು ಕೊಳೆ. ಡಯಾಫ್ರಾಮಿಗೆ ಒತ್ತಡ ಒಯ್ಯುವ ರಂಧ್ರ ತೀರಾ ಸಣ್ಣದು. ವೆಲ್ಡಿಂಗಿನ ಚೂರು, ಪೈಪಿನ ತುಕ್ಕಿನ ಪುಡಿ, ದಾರದ ಎಳೆ ಏನೇ ಹೋಗಿ ಕೂತರೂ ಡಯಾಫ್ರಾಮ್ ಕುರುಡಾಗುತ್ತದೆ. ಪಿಐಸಿವಿಯ ಮೂಲಕವೇ ಫ್ಲಶ್ ಮಾಡುವುದೂ ಸಾಧ್ಯವಿಲ್ಲ, ಏಕೆಂದರೆ ಹರಿವು ಹೆಚ್ಚದಂತೆ ತಡೆಯುವುದೇ ಅದರ ಕೆಲಸ. ಕೊಳೆ ಎಬ್ಬಿಸಿ ಸಾಗಿಸಲು ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರ್ ಬೇಕು, ದೊಡ್ಡ ಪೈಪಿಗೆ ಇನ್ನೂ ಹೆಚ್ಚು. ಆದ್ದರಿಂದ ಪ್ರತಿ ಯೂನಿಟ್ಟಿನ ಹೋಗುವ ಮತ್ತು ಬರುವ ಪೈಪುಗಳ ನಡುವೆ ಒಂದು ಫ್ಲಶಿಂಗ್ ಬೈಪಾಸ್ ಇರಬೇಕು. ಮೊದಲು ಕಾಯಿಲ್ ಮತ್ತು ಪಿಐಸಿವಿಯನ್ನು ಐಸೊಲೇಟ್ ಮಾಡಿ ಮುಖ್ಯ ಪೈಪುಗಳನ್ನು ತೊಳೆಯುವುದು, ನಂತರ ಒಂದೊಂದೇ ಕಾಯಿಲನ್ನು ಹಿಮ್ಮುಖವಾಗಿ ತೊಳೆಯುವುದು, ಪ್ರತಿ ಹಂತದ ಮೇಲೂ ಸ್ಟ್ರೈನರ್ ಜಾಲರಿ ಬಿಚ್ಚಿ ನೋಡುವುದು. ಬಿಚ್ಚಿದ ಜಾಲರಿಯಲ್ಲಿ ಏನೂ ಸಿಗದಿದ್ದಾಗ ನಿಲ್ಲಿಸಬಹುದು. ಬೈಪಾಸ್ ಕೊನೆಯಲ್ಲಿ ಮುಚ್ಚಿದೆಯೇ ಎಂದು ಎರಡು ಸಲ ನೋಡಿಕೊಳ್ಳಿ. ತೆರೆದೇ ಉಳಿದ ಒಂದು ಬೈಪಾಸ್ ಇಡೀ ಮಹಡಿಯ ಒತ್ತಡವನ್ನು ಕುಡಿಯುತ್ತದೆ. ಹುಡುಕುವಾಗ ಅದು ಕೊನೆಗೇ ನೆನಪಾಗುತ್ತದೆ.

ಕರಾವಳಿಯಲ್ಲಿ ಇನ್ನೆರಡು ವಿಷಯ ಸೇರಿಕೊಳ್ಳುತ್ತವೆ. ಸಮುದ್ರದ ಹತ್ತಿರದ ಬಾವಿ, ಬೋರ್‌ವೆಲ್‌ಗಳ ನೀರು ಬೇಸಿಗೆಯಲ್ಲಿ ಉಪ್ಪಾಗುವುದು ಇಲ್ಲಿಯವರಿಗೆ ಹೊಸದಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸಿಕ್ಕಿದ ನೀರನ್ನೇ ತುಂಬಿಬಿಟ್ಟರೆ ಕ್ಲೋರೈಡ್ ಉಕ್ಕಿನ ಪೈಪನ್ನು ಒಳಗಿಂದ ತಿನ್ನತೊಡಗುತ್ತದೆ, ಆ ತುಕ್ಕೇ ಮುಂದೆ ವಾಲ್ವಿಗೆ ಹೋಗುತ್ತದೆ. ತುಂಬುವ ನೀರಿನ ಪರೀಕ್ಷೆ ಮೊದಲೇ ಆಗಲಿ. ಎರಡನೆಯದು, ಪ್ರೆಶರ್ ಟೆಸ್ಟ್ ಮುಗಿಸಿ ನೀರು ಇಳಿಸಿ, ಒಳಗೆ ಒದ್ದೆಯಾಗಿಯೇ ಮಳೆಗಾಲ ಪೂರ್ತಿ ಬಿಡುವ ಅಭ್ಯಾಸ. ಗಾಳಿ ಮತ್ತು ತೇವ ಎರಡೂ ಸಿಕ್ಕ ಉಕ್ಕಿಗೆ ತುಕ್ಕು ಹಿಡಿಯಲು ಅಷ್ಟು ದಿನ ಬೇಕಿಲ್ಲ. ಟೆಸ್ಟ್ ಆದ ನಂತರ ಒಂದೋ ತುಕ್ಕು ತಡೆಯುವ ರಾಸಾಯನಿಕ ಹಾಕಿದ ನೀರನ್ನು ತುಂಬಿಟ್ಟು ತಿರುಗಿಸುತ್ತಿರಬೇಕು, ಇಲ್ಲವೇ ಫ್ಲಶಿಂಗಿಗೆ ಹತ್ತಿರದ ದಿನದಲ್ಲೇ ಟೆಸ್ಟ್ ಇಟ್ಟುಕೊಳ್ಳಬೇಕು.

ಆಮೇಲೆ ಗಾಳಿ ತೆಗೆಯುವುದು. ಪೈಪಿನ ಅತಿ ಎತ್ತರದ ಬಿಂದು ಪಂಪಿನಿಂದ 12 ಮೀಟರ್ ಮೇಲಿದ್ದರೆ ಆ ನೀರಿನ ಕಂಬವೇ ಸುಮಾರು 1.2 ಬಾರ್, ಮೇಲೂ ಅರ್ಧ ಬಾರ್ ಉಳಿಯುವಂತೆ ಕೆಳಗೆ 1.7 ಬಾರ್ ಇಟ್ಟರೆ ಏರ್ ವೆಂಟಿನಿಂದ ಗಾಳಿ ಹೊರಹೋಗುತ್ತದೆ, ಒಳಗೆ ಎಳೆದುಕೊಳ್ಳುವುದಿಲ್ಲ. ಮೀಟರಿನ ಸಂಖ್ಯೆ ಒಂದೆಡೆ ನಿಲ್ಲದೆ ಕುಣಿಯುತ್ತಿದ್ದರೆ ಪೈಪಿನಲ್ಲೋ ಮೀಟರಿನ ಹೋಸಿನಲ್ಲೋ ಗಾಳಿ ಇದೆ ಎಂದೇ ಅರ್ಥ. ಆಗ ಬರೆದುಕೊಂಡ ಸಂಖ್ಯೆಗೆ ಬೆಲೆ ಇಲ್ಲ.

ಡಯಲ್ ಮತ್ತು ಆಕ್ಚುಯೇಟರ್

ಗುರುತು ಹಾಕುವುದು ಇಡೀ ಕೆಲಸದಲ್ಲಿ ಅತಿ ಸುಲಭದ ಭಾಗ. ನಮ್ಮ ಉದಾಹರಣೆಯ ವಾಲ್ವು ಗರಿಷ್ಠ 1000 ಲೀಟರಿನದು ಎಂದರೆ 900ಕ್ಕೆ 90 ಪ್ರತಿಶತ. ಕೆಲವು ತಯಾರಕರ ಡಯಲ್ಲಿನಲ್ಲಿ ಪ್ರತಿಶತ ಇರುತ್ತದೆ, ಕೆಲವರದ್ದರಲ್ಲಿ ನೇರವಾಗಿ ಲೀಟರ್, ಇನ್ನು ಕೆಲವರದ್ದರಲ್ಲಿ ಬರೀ ಒಂದರಿಂದ ಹತ್ತರ ಅಂಕಿ. ಒಂದೇ ಕಟ್ಟಡಕ್ಕೆ ಎರಡು ಕಂಪನಿಯ ವಾಲ್ವು ಬಂದಿದ್ದರೆ ಇಲ್ಲೇ ಎಡವುವುದು. ಗುರುತು 30 ಪ್ರತಿಶತಕ್ಕಿಂತ ಕೆಳಗೆ ಬರುತ್ತಿದ್ದರೆ ವಾಲ್ವು ದೊಡ್ಡದಾಯಿತು ಎಂದು ಅನುಮಾನಿಸಬೇಕು; ಎಷ್ಟೋ ವಿನ್ಯಾಸಗಳಲ್ಲಿ ಡಯಲ್ ಇಳಿಸಿದಷ್ಟೂ ವಾಲ್ವನ್ನು ತೆರೆದು ಮುಚ್ಚುವ ಆಕ್ಚುಯೇಟರಿಗೆ ಚಲಿಸಲು ಉಳಿಯುವ ಜಾಗ ಕಡಿಮೆಯಾಗಿ, ರೂಮಿನ ತಾಪಮಾನ ತೂಗಾಡತೊಡಗುತ್ತದೆ.

ಆಕ್ಚುಯೇಟರಿನಲ್ಲಿ ಎರಡು ಜಾತಿ. ಮೇಣ ಬಿಸಿಯಾಗಿ ಹಿಗ್ಗುವ ಥರ್ಮಲ್ ಮಾದರಿ ಪೂರ್ತಿ ತೆರೆಯಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಥರ್ಮೋಸ್ಟಾಟ್ ಒತ್ತಿ ಅರ್ಧ ನಿಮಿಷದಲ್ಲಿ ಅಳೆದರೆ ಸುಳ್ಳು ಸಂಖ್ಯೆ ಸಿಗುತ್ತದೆ. ಮೋಟರ್ ಇರುವ ಎಷ್ಟೋ ಮಾದರಿಗಳು ಕರೆಂಟು ಬಂದ ಕೂಡಲೇ ಒಮ್ಮೆ ಪೂರ್ತಿ ಮುಚ್ಚಿ, ಪೂರ್ತಿ ತೆರೆದು ತಮ್ಮ ಎರಡು ತುದಿಗಳನ್ನು ಗುರುತಿಸಿಕೊಳ್ಳುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ಮಾಮೂಲಿಯಾದ ನಮ್ಮ ಕಡೆ ಇದನ್ನು ನೆನಪಿಡಬೇಕು. ಮೂವತ್ತೂ ವಾಲ್ವು ಒಟ್ಟಿಗೆ ಮುಚ್ಚಿಕೊಂಡ ಹೊತ್ತಿಗೆ ಪಂಪು ಪೂರ್ತಿ ವೇಗಕ್ಕೆ ಏರಿದರೆ ಪೈಪು ನಡುಗುತ್ತದೆ. ವಿಎಫ್‌ಡಿ ನಿಧಾನವಾಗಿ, 30ರಿಂದ 60 ಸೆಕೆಂಡಿನಲ್ಲಿ ವೇಗ ಏರಿಸುವಂತೆ ಇಡುವುದು ಒಳ್ಳೆಯದು. ಅಳತೆಯ ಕೆಲಸಕ್ಕಂತೂ ಆಕ್ಚುಯೇಟರನ್ನು ಬಿಚ್ಚಿ ಪಕ್ಕಕ್ಕಿಡುವುದೇ ಅನುಕೂಲ. ಬಹುತೇಕ ಪಿಐಸಿವಿಗಳು ಆಕ್ಚುಯೇಟರ್ ಇಲ್ಲದಿದ್ದಾಗ ಸ್ಪ್ರಿಂಗಿನಿಂದ ಪೂರ್ತಿ ತೆರೆದಿರುತ್ತವೆ. ನಿಮ್ಮ ವಾಲ್ವು ಆ ಜಾತಿಯದೇ ಎಂದು ಮಾತ್ರ ಖಚಿತ ಮಾಡಿಕೊಳ್ಳಿ.

ಪಂಪು ಇಳಿಸುತ್ತಾ ಹೋಗುವುದು

ಈಗ ಮುಖ್ಯ ಪರೀಕ್ಷೆ. ಇದನ್ನು ಚಿಲ್ಲರ್ ಶುರು ಮಾಡುವ ಮೊದಲೇ, ಮಾಮೂಲಿ ತಾಪಮಾನದ ನೀರಿನಲ್ಲಿ ಮಾಡುವುದು ಕರಾವಳಿಗೆ ಸರಿ. ಮಳೆಗಾಲದಲ್ಲಿ ಗಾಳಿ 27 ಡಿಗ್ರಿ, ತೇವಾಂಶ 90 ಪ್ರತಿಶತ ಇದ್ದರೆ ಇಬ್ಬನಿ ಕಟ್ಟುವ ತಾಪಮಾನ ಸುಮಾರು 25 ಡಿಗ್ರಿ. ಇನ್ಸುಲೇಷನ್ ಮುಗಿಯದ ವಾಲ್ವಿನಲ್ಲಿ 7 ಡಿಗ್ರಿಯ ನೀರು ಬಿಟ್ಟರೆ ಫಾಲ್ಸ್ ಸೀಲಿಂಗ್ ಮೇಲೆ ಮಳೆ ಶುರುವಾಗುತ್ತದೆ.

ಮೂವತ್ತನ್ನೂ ಒಟ್ಟಿಗೆ ತೆರೆಯುವಂತಿಲ್ಲ, ಏಕೆಂದರೆ ಅವು 27 ಘನ ಮೀಟರ್ ಕೇಳುತ್ತವೆ, ಪಂಪಿನ ಲೆಕ್ಕ 21.6. ಹೆಚ್ಚಿನ ಬೇಡಿಕೆಗೆ ಪಂಪು ಒತ್ತಡ ಕೊಡಲಾಗದೆ ತುದಿಯ ಯೂನಿಟ್ಟು ಸೊರಗುತ್ತದೆ, ನಾವು ವಾಲ್ವನ್ನೋ ಪೈಪನ್ನೋ ದೂರುತ್ತೇವೆ. ಆದ್ದರಿಂದ ಐದರಲ್ಲೊಂದು ಪಾಲು, ಅಂದರೆ ಆರು ಯೂನಿಟ್ಟು ಮುಚ್ಚಬೇಕು. ಯಾವ ಆರು ಎಂಬುದು ಮುಖ್ಯ. ಪಂಪಿಗೆ ಅತಿ ಹತ್ತಿರದ, ನೆಲಮಹಡಿಯ ಆರನ್ನು ಮುಚ್ಚಿ, ದೂರದವನ್ನೆಲ್ಲ ತೆರೆದಿಡಬೇಕು. ನೀರು ಅತಿ ದೂರಕ್ಕೆ ಅತಿ ಹೆಚ್ಚು ಹೋಗಬೇಕಾದ ಪರಿಸ್ಥಿತಿ ಅದೇ.

ಪಂಪನ್ನು 45 ಹರ್ಟ್ಝ್‌ನಲ್ಲಿ ಕೈಯಾರೆ ಓಡಿಸಿ, ಇಂಡೆಕ್ಸ್ ಇರಬಹುದು ಎನಿಸಿದ ಮೂರ್ನಾಲ್ಕು ಯೂನಿಟ್ಟುಗಳಲ್ಲಿ ಪಿಐಸಿವಿಯ ಎರಡು ಟೆಸ್ಟ್ ಪಾಯಿಂಟಿಗೆ ಮೀಟರಿನ ಹೋಸು ಚುಚ್ಚಿ ಪಿ1 ಮತ್ತು ಪಿ3ರ ವ್ಯತ್ಯಾಸ ನೋಡಬೇಕು. ಅತಿ ಕಡಿಮೆ ಎಲ್ಲಿದೆಯೋ ಅದೇ ನಿಜವಾದ ಇಂಡೆಕ್ಸ್. ನಕ್ಷೆಯಲ್ಲಿ ದೂರದ್ದು ಯಾವಾಗಲೂ ಅದೇ ಆಗಿರಬೇಕೆಂದಿಲ್ಲ. ಬೀಮು ತಪ್ಪಿಸಲು ನಾಲ್ಕು ಬೆಂಡು ಹೆಚ್ಚು ಹಾಕಿದ ನಡುವಿನ ರೂಮೂ ಆಗಬಹುದು. ಆ ಇಂಡೆಕ್ಸಿನಲ್ಲಿ ಒಬ್ಬರು ಮೀಟರ್ ಹಿಡಿದು ನಿಂತಿರಲಿ, ಇನ್ನೊಬ್ಬರು ಪಂಪಿನ ವೇಗವನ್ನು ಎರಡೆರಡು ಹರ್ಟ್ಝ್ ಇಳಿಸುತ್ತಾ ಸೆನ್ಸರಿನ ಸಂಖ್ಯೆ ಓದಲಿ. ಪ್ರತಿ ಸಲವೂ ಎರಡು ನಿಮಿಷ ಕಾಯಬೇಕು, ಡಯಾಫ್ರಾಮ್ ಹೊಸ ಜಾಗಕ್ಕೆ ಕೂರಲು. ವೇಗ ಏರಿಸುವಾಗ ಮತ್ತು ಇಳಿಸುವಾಗ ಒಂದೇ ಒತ್ತಡಕ್ಕೆ ಹರಿವು ಸ್ವಲ್ಪ ಬೇರೆ ಬರುವುದು ಈ ವಾಲ್ವುಗಳ ಗುಣ, ಹಾಗಾಗಿ ನಡುವೆ ಹಿಂದೆಮುಂದೆ ಮಾಡದೆ ಒಂದೇ ದಿಕ್ಕಿನಲ್ಲಿ ಇಳಿಸಿಕೊಂಡು ಹೋಗಬೇಕು.

ನಮ್ಮ ಕಟ್ಟಡದಲ್ಲಿ ಸಂಖ್ಯೆಗಳು ಹೀಗೆ ಬರುತ್ತವೆ, ಒತ್ತಡವೆಲ್ಲ ಕಿಲೋಪಾಸ್ಕಲ್‌ನಲ್ಲಿ:

| ಪಂಪಿನ ವೇಗ (ಹರ್ಟ್ಝ್) | ಸೆನ್ಸರ್ | ಇಂಡೆಕ್ಸ್ ವಾಲ್ವಿನ ಪಿ1–ಪಿ3 | ಎರಡರ ಅಂತರ |
|---|---|---|---|
| 45 | 118 | 62 | 56 |
| 43 | 98 | 42 | 56 |
| 41 | 78 | 22 | 56 |
| 39 | 68 | 18 | 50 |

ಕೊನೆಯ ಕಾಲಮ್ಮನ್ನು ಗಮನಿಸಿ. ಪಂಪು ಇಳಿಸಿದರೂ ಮೊದಲ ಮೂರು ಸಲ ಅಂತರ 56ರಲ್ಲೇ ನಿಂತಿದೆ. ಈ ಅಂತರವೆಂದರೆ ಕಾಯಿಲ್, ಪೈಪು, ಸ್ಟ್ರೈನರ್ ತಿನ್ನುವ ಒತ್ತಡ. ಅದು ಬದಲಾಗಿಲ್ಲ ಎಂದರೆ ಅವುಗಳಲ್ಲಿ ಹರಿಯುವ ನೀರೂ ಬದಲಾಗಿಲ್ಲ. ಪಂಪಿನ ಹೆಚ್ಚುವರಿ ಒತ್ತಡವನ್ನೆಲ್ಲ ಪಿಐಸಿವಿ ತಾನೇ ನುಂಗಿಕೊಂಡು ಹರಿವನ್ನು ಹಿಡಿದಿಟ್ಟಿದೆ. 39ಕ್ಕೆ ಬಂದಾಗ ಅಂತರ 50ಕ್ಕೆ ಇಳಿಯಿತು. ಅಲ್ಲಿ ವಾಲ್ವು ಪೂರ್ತಿ ತೆರೆದು ಕೈಚೆಲ್ಲಿದೆ, ಹರಿವು 5 ಪ್ರತಿಶತದಷ್ಟು ಬಿದ್ದಿದೆ. ಹರಿವಿನ ಮೀಟರೇ ಇಲ್ಲದಿದ್ದರೂ ಈ ಒಂದು ಕಾಲಮ್ಮಿನಿಂದ ವಾಲ್ವಿನ ಕೆಳಮಿತಿ ಎಲ್ಲಿದೆ ಎಂದು ಹೇಳಬಹುದು. ತಯಾರಕರ ಕೋಷ್ಟಕದ 20ಕ್ಕೂ ಇದು ತಾಳೆಯಾಗುತ್ತದೆ. ಪಿ1–ಪಿ3 ಇನ್ನೂ 35 ಅಥವಾ 40 ಕಿಲೋಪಾಸ್ಕಲ್ ಇರುವಾಗಲೇ ಅಂತರ ಒಡೆದರೆ ವಾಲ್ವಿನ ಒಳಗೆ ಏನೋ ಕೂತಿದೆ, ಇಲ್ಲವೇ ಡಯಲ್ ತಪ್ಪಿದೆ.

ಹಾಗಾದರೆ ಪಂಪಿಗೆ ಕೊಡಬೇಕಾದ ಸೆಟ್‌ಪಾಯಿಂಟ್ 76 ಎಂದು ಬರೆದುಬಿಡಬಹುದೇ? ಇಲ್ಲ. ನಾವು ಅಳೆದದ್ದು 28 ಡಿಗ್ರಿಯ ನೀರಿನಲ್ಲಿ. 7 ಡಿಗ್ರಿಯ ನೀರು ಅದಕ್ಕಿಂತ ಮಂದ, ಪೈಪು ಮತ್ತು ಕಾಯಿಲಿನಲ್ಲಿ ಸುಮಾರು 10 ಪ್ರತಿಶತ ಹೆಚ್ಚು ಒತ್ತಡ ತಿನ್ನುತ್ತದೆ. 56 ಹೆಚ್ಚೆಂದರೆ 62 ಆದೀತು, ವಾಲ್ವಿನ 20 ಸೇರಿಸಿದರೆ 82. ಮೀಟರು ಮತ್ತು ಸೆನ್ಸರಿನ ಸಣ್ಣಪುಟ್ಟ ತಪ್ಪಿಗೆ ಸ್ವಲ್ಪ ಸೇರಿಸಿ 85 ಇಡುವುದು ಸಮಂಜಸ. 45 ಹರ್ಟ್ಝ್‌ನ 118ರಲ್ಲೇ ಬಿಟ್ಟಿದ್ದರೂ ಎಲ್ಲ ರೂಮೂ ತಂಪಾಗುತ್ತಿತ್ತು, ಯಾರೂ ದೂರುತ್ತಿರಲಿಲ್ಲ. ಆದರೆ ಚಿಲ್ಲರ್ ಮತ್ತು ರೈಸರಿನಲ್ಲಿ ಕಳೆಯುವ 60 ಸೇರಿಸಿದರೆ ಪಂಪು ತಳ್ಳಬೇಕಾದದ್ದು 178ರ ಬದಲು 145, ಅಷ್ಟೇ ಹರಿವಿಗೆ ವಿದ್ಯುತ್ತು ಸುಮಾರು ಐದರಲ್ಲೊಂದು ಪಾಲು ಉಳಿಯಿತು. ತಣ್ಣೀರಿನಲ್ಲಿ ಆ 60 ಸಹ ಕೊಂಚ ಏರುತ್ತದೆ, ಉಳಿತಾಯದ ಪ್ರಮಾಣ ಮಾತ್ರ ಹೆಚ್ಚು ಬದಲಾಗದು.

ಸೆನ್ಸರ್ ಪಂಪಿನ ಬಾಯಲ್ಲೇ ಇದ್ದರೆ ಈ ಉಳಿತಾಯದಲ್ಲಿ ಒಂದಷ್ಟು ಸೋರಿಹೋಗುತ್ತದೆ. ಆಗ ಸೆಟ್‌ಪಾಯಿಂಟಿನಲ್ಲಿ ರೈಸರಿನ ನಷ್ಟವೂ ಸೇರಿರುತ್ತದೆ. ಹತ್ತೇ ರೂಮು ಓಡುವ ದಿನ ಆ ನಷ್ಟ ಇಲ್ಲವೆಂಬಷ್ಟು ಕಡಿಮೆಯಾದರೂ ಪಂಪು ಅದಕ್ಕಾಗಿ ಒತ್ತುತ್ತಲೇ ಇರುತ್ತದೆ. ದೂರದ ಸೆನ್ಸರಿಗೆ ಬೇರೊಂದು ದೋಷ ಇದೆ. ಮೂರನೇ ಮಹಡಿ ಖಾಲಿ ಇದ್ದು ನೆಲಮಹಡಿ ತುಂಬಿದಾಗ, ಸೆನ್ಸರಿನಲ್ಲಿ 85 ಇದ್ದರೆ ನೆಲಮಹಡಿಯ ಕವಲಿನಲ್ಲೂ ಸುಮಾರು ಅಷ್ಟೇ ಇರುತ್ತದೆ. ಆ ಕವಲಿಗೆ 95 ಬೇಕಿದ್ದರೆ ಅಲ್ಲಿಯ ತುದಿಯ ರೂಮು ಬಿಸಿಯಾಗುತ್ತದೆ. ಹಾಗಾಗಿ ಮೂರನೇ ಮಹಡಿಯನ್ನು ಮುಚ್ಚಿ, ಪಂಪನ್ನು ಆಟೋದಲ್ಲಿ 85ಕ್ಕೆ ಬಿಟ್ಟು, ಕೆಳಗಿನ ಎರಡೂ ಮಹಡಿಗಳ ಕೊನೆಯ ಯೂನಿಟ್ಟಿನಲ್ಲಿ ಪಿ1–ಪಿ3 ಮತ್ತೊಮ್ಮೆ ನೋಡಲೇಬೇಕು.

ಒತ್ತಡ ಇದೆ, ನೀರಿಲ್ಲ

ಪಿ1–ಪಿ3 ಸಾಕಷ್ಟಿದೆ ಎಂದರೆ ಹರಿವು ಸರಿ ಇದೆ ಎಂದು ವರದಿ ಬರೆಯುವುದು ಈ ಕ್ಷೇತ್ರದ ದೊಡ್ಡ ಸೋಮಾರಿತನ. ಪೂರ್ತಿ ಮುಚ್ಚಿಹೋದ ವಾಲ್ವಿನ ಅಡ್ಡಲಾಗಿಯೂ ಒತ್ತಡ ಚೆನ್ನಾಗಿಯೇ ಇರುತ್ತದೆ. ಹರಿವನ್ನು ಬೇರೆಯಾಗಿಯೇ ಅಳೆಯಬೇಕು. ನಮ್ಮ ಯೂನಿಟ್ಟುಗಳಲ್ಲಿ Kv 3 ಇರುವ ಓರಿಫಿಸ್ ಇದೆ ಎನ್ನೋಣ. 0.9 ಘನ ಮೀಟರ್ ಹರಿದರೆ ಅದರ ಮೇಲೆ 9 ಕಿಲೋಪಾಸ್ಕಲ್ ಕಾಣಬೇಕು. ಒಂದು ರೂಮಿನಲ್ಲಿ 4 ಮಾತ್ರ ಬಂತು ಎಂದರೆ 3 × √0.04, ಅಂದರೆ 0.6 ಘನ ಮೀಟರ್. 900ರ ಬದಲು 600 ಲೀಟರ್.

ಇನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಪಿ1–ಪಿ3 ಹೇಳುತ್ತದೆ. ಅದು 20ಕ್ಕಿಂತ ಕಡಿಮೆ ಇದ್ದರೆ ವಾಲ್ವು ನಿರಪರಾಧಿ. ಒತ್ತಡ ಬರುವ ದಾರಿಯಲ್ಲೇ ಎಲ್ಲೋ ಕಳೆದುಹೋಗಿದೆ. ಸ್ಟ್ರೈನರ್ ತುಂಬಿರಬಹುದು, ಐಸೊಲೇಷನ್ ವಾಲ್ವು ಅರ್ಧ ತೆರೆದಿರಬಹುದು, ಕಾಯಿಲಿನಲ್ಲಿ ಗಾಳಿ ನಿಂತಿರಬಹುದು. ಪಿ1–ಪಿ3 ಧಾರಾಳವಾಗಿ 50, 60 ಇದ್ದೂ ಹರಿವು 600 ಆದರೆ ತಪ್ಪು ವಾಲ್ವಿನದ್ದೇ. ಡಯಲ್ ಬೇರೆ ಅಂಕಿಯಲ್ಲಿದೆಯೇ ಎಂದು ಮೊದಲು ನೋಡಿ. ಆಮೇಲೆ ಆಕ್ಚುಯೇಟರ್ ಬಿಚ್ಚಿ ಮತ್ತೆ ಅಳೆಯಿರಿ. ಹರಿವು 900ಕ್ಕೆ ಏರಿದರೆ ಆಕ್ಚುಯೇಟರಿನ ಸ್ಟ್ರೋಕ್ ಆ ವಾಲ್ವಿಗೆ ಸಾಲುತ್ತಿಲ್ಲ ಅಥವಾ ಸಿಗ್ನಲ್ಲಿನ ದಿಕ್ಕು ಉಲ್ಟಾ ಇದೆ. ಏರದಿದ್ದರೆ ಒಳಗೆ ಕೊಳೆ, ಕಾರ್ಟ್ರಿಜ್ ಬಿಚ್ಚಬೇಕು. ಹರಿವು ಗುರುತಿಗಿಂತ ಹೆಚ್ಚಾಗಿ, ಪಂಪಿನ ವೇಗದ ಜೊತೆ ಏರಿ ಇಳಿಯುತ್ತಿದ್ದರೆ ಡಯಾಫ್ರಾಮ್ ಹರಿದಿದೆ, ಅದರ ರಂಧ್ರ ಕಟ್ಟಿದೆ, ಇಲ್ಲವೇ ವಾಲ್ವನ್ನೇ ಬಾಣದ ಗುರುತಿಗೆ ವಿರುದ್ಧವಾಗಿ ಕೂಡಿಸಿದ್ದಾರೆ. ಫಾಲ್ಸ್ ಸೀಲಿಂಗಿನ ಕತ್ತಲಲ್ಲಿ ಕೊನೆಯದು ನಾವು ಅಂದುಕೊಂಡಷ್ಟು ಅಪರೂಪವಲ್ಲ.

ಕಡಿಮೆ ಭಾರ, ತೇವದ ಗಾಳಿ

ಎಲ್ಲ ವಾಲ್ವೂ ಎರಡು ಬಾಯಿಯವಾದ್ದರಿಂದ ರೂಮುಗಳು ತಂಪಾದಂತೆ ನೀರಿಗೆ ದಾರಿಯೇ ಮುಚ್ಚುತ್ತದೆ. ಚಿಲ್ಲರಿಗೆ ಮಾತ್ರ ಒಂದು ಕನಿಷ್ಠ ಹರಿವು ಬೇಕೇ ಬೇಕು, ಇಲ್ಲದಿದ್ದರೆ ಎವಾಪೊರೇಟರಿನಲ್ಲಿ ನೀರು ಹೆಪ್ಪುಗಟ್ಟುವ ಭಯಕ್ಕೆ ಅದು ಟ್ರಿಪ್ ಆಗುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 11 ಘನ ಮೀಟರ್ ಎಂದುಕೊಂಡರೆ, ಸುಮಾರು 12 ಯೂನಿಟ್ಟಿಗಿಂತ ಕಡಿಮೆ ತೆರೆದಿರುವಾಗಲೆಲ್ಲ, ಫ್ಲಶಿಂಗಿನದ್ದಲ್ಲದೆ ಇದಕ್ಕೆಂದೇ ಇಟ್ಟ ಬೈಪಾಸ್ ವಾಲ್ವು ತೆರೆದು ಕೊರತೆ ತುಂಬಬೇಕು. ಪರೀಕ್ಷೆ ಸರಳ: ಪಂಪು ಆಟೋದಲ್ಲಿರುವಾಗ ಯೂನಿಟ್ಟುಗಳನ್ನು ಒಂದೊಂದಾಗಿ ಮುಚ್ಚುತ್ತಾ ನಾಲ್ಕಕ್ಕೆ ತನ್ನಿ. ಚಿಲ್ಲರಿನ ಹರಿವು 11ರ ಕೆಳಗೆ ಬೀಳಬಾರದು, ಪಂಪಿನ ವೇಗ ಏರುತ್ತಾ ಇಳಿಯುತ್ತಾ ಬೇಟೆಯಾಡಬಾರದು, ಉಳಿದ ನಾಲ್ಕರ ಓರಿಫಿಸ್ ಇನ್ನೂ 9 ಕಿಲೋಪಾಸ್ಕಲ್ಲೇ ತೋರಿಸಬೇಕು. ಶಿರಸಿಯಂಥ ಘಟ್ಟದ ಮೇಲಿನ ಊರಿನಲ್ಲಿ ರಾತ್ರಿಗಳು ತಂಪು, ಮಳೆಗಾಲ ದೀರ್ಘ. ಅಲ್ಲಿಯ ಕಟ್ಟಡ ವರ್ಷದ ಹೆಚ್ಚು ಹೊತ್ತು ಈ ಸ್ಥಿತಿಯಲ್ಲೇ ಓಡುವುದರಿಂದ ಪೂರ್ತಿ ಭಾರದ ಪರೀಕ್ಷೆಗಿಂತ ಇದಕ್ಕೇ ಹೆಚ್ಚು ಸಮಯ ಕೊಡುವುದು ಲೇಸು.

ಕೊನೆಗೆ ಚಿಲ್ಲರ್ ಶುರು ಮಾಡಿ, ಇಂಡೆಕ್ಸ್ ಯೂನಿಟ್ಟಿನ ಫ್ಯಾನ್ ಹೈ ಸ್ಪೀಡಿನಲ್ಲಿಟ್ಟು ನೀರಿನ ತಾಪಮಾನದ ವ್ಯತ್ಯಾಸ ನೋಡಬೇಕು. ಹರಿವು 900 ಇದ್ದೂ ವ್ಯತ್ಯಾಸ 5ರ ಬದಲು 3 ಬಂದರೆ ನೀರಿನ ಕಡೆ ಮತ್ತೆ ಕೈಹಾಕಬೇಡಿ. ರೂಮು ಆಗಲೇ ತಂಪಾಗಿಲ್ಲದಿದ್ದರೆ ತೊಂದರೆ ಗಾಳಿಯ ಕಡೆ ಇದೆ: ಫಿಲ್ಟರ್ ಕಟ್ಟಿರುತ್ತದೆ ಅಥವಾ ಫ್ಯಾನ್ ನಿಧಾನ. ವ್ಯತ್ಯಾಸ 8 ಬಂದರೆ ಮಾತ್ರ ನೀರು ಸಾಲುತ್ತಿಲ್ಲ ಎಂದು ತಿಳಿಯಬೇಕು. ಕರಾವಳಿಯಲ್ಲಿ ಈ ಕೊರತೆ ಥರ್ಮೋಮೀಟರಿಗಿಂತ ಮೊದಲು ಚರ್ಮಕ್ಕೆ ಗೊತ್ತಾಗುತ್ತದೆ. ನೀರು ಕಡಿಮೆಯಾದಾಗ ಕಾಯಿಲಿನ ಸರಾಸರಿ ತಾಪಮಾನ ಏರಿ, ಗಾಳಿಯನ್ನು ತಂಪು ಮಾಡುವ ಶಕ್ತಿಗಿಂತ ಅದರ ತೇವ ಹಿಂಡುವ ಶಕ್ತಿ ಬೇಗ ಕುಗ್ಗುತ್ತದೆ. ಗೋಡೆಯ ಮೇಲೆ 24 ಎಂದು ತೋರಿಸುತ್ತಿದ್ದರೂ ಹಾಸಿಗೆ ಜಿಗುಟು ಎಂದು ಅತಿಥಿ ದೂರಿದರೆ, ಆ ರೂಮಿನ ಓರಿಫಿಸಿಗೆ ಮೀಟರ್ ಚುಚ್ಚುವುದರಿಂದಲೇ ಶುರು ಮಾಡಬಹುದು.

ಇನ್ಸುಲೇಷನ್ ಮುಚ್ಚುವಾಗ ಟೆಸ್ಟ್ ಪಾಯಿಂಟ್‌ಗಳು ಮತ್ತು ಡಯಲ್ಲಿನ ಅಂಕಿ ಹೊರಗೆ ಕಾಣುವಂತೆ ಬಿಡಬೇಕು. ಉದ್ದನೆಯ ಟೆಸ್ಟ್ ಪಾಯಿಂಟ್ ಸಿಗುತ್ತವೆ, ಅವನ್ನೇ ಕೇಳಿ ತರಿಸಿಕೊಳ್ಳಿ. ಕತ್ತರಿಸಿ ತೆರೆದ ಇನ್ಸುಲೇಷನ್ ಜೂನ್ ತಿಂಗಳಲ್ಲಿ ಹನಿಯುತ್ತದೆ. ಪ್ರತಿ ವಾಲ್ವಿನ ಗುರುತು, ಅಳೆದ ಹರಿವು, ಪಿ1–ಪಿ3, ಮತ್ತು 85 ಎಂಬ ಸೆಟ್‌ಪಾಯಿಂಟ್ ಯಾವ ಯೂನಿಟ್ಟಿನ ಯಾವ ಅಳತೆಯಿಂದ ಬಂತು ಎಂಬ ವಿವರವನ್ನು ಬರೆದು ಪಂಪಿನ ಪ್ಯಾನೆಲ್ಲಿನ ಬಾಗಿಲಿಗೇ ಅಂಟಿಸುವುದು ಒಳಿತು. ಇಲ್ಲದಿದ್ದರೆ ಮೊದಲ ಬೇಸಿಗೆಯಲ್ಲಿ ಯಾವುದೋ ಒಂದು ರೂಮಿನ ಸ್ಟ್ರೈನರ್ ಕಟ್ಟಿದ್ದಕ್ಕೆ ಆಪರೇಟರ್ ಸೆಟ್‌ಪಾಯಿಂಟನ್ನು 150ಕ್ಕೆ ಏರಿಸುತ್ತಾನೆ, ಆ ರೂಮು ಹೇಗೋ ತಂಪಾಗುತ್ತದೆ, ಸಂಖ್ಯೆ ಅಲ್ಲೇ ಉಳಿಯುತ್ತದೆ.